ಕರೆಂಟ್ ನೋಟಿಸ್ ಕನ್ನಡಕ್ಕೆ: ನಾಲ್ಕು ಸಲ ತಿದ್ದಿದ ಒಂದು ಹಾಳೆ

ಕಾಮಾಕ್ಷಿಪಾಳ್ಯದಲ್ಲಿ ನಮ್ಮದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಆಧಾರ್ ಜೆರಾಕ್ಸ್, ಬಾಡಿಗೆ ಕರಾರು, ಮದುವೆ ಪತ್ರ, ಇವೇ ದಿನದ ಕೆಲಸ. ಇಂಗ್ಲಿಷಿನಲ್ಲಿ ಏನಾದರೂ ಕಾಗದ ಬಂದರೆ ಅಕ್ಕಪಕ್ಕದವರು ತಂದು ನನ್ನ ಕೈಗೆ ಕೊಡುತ್ತಾರೆ. ನಾನು ಓದಿ ಹೇಳುತ್ತೇನೆ, ಅವರು ತಲೆಯಾಡಿಸಿ ಹೋಗುತ್ತಾರೆ. ಅಷ್ಟೇ ಸಾಕು ಅಂದುಕೊಂಡಿದ್ದೆ, ಫೆಬ್ರವರಿಯವರೆಗೆ.

ಫೆಬ್ರವರಿಯಲ್ಲಿ ಕರೆಂಟ್ ಆಫೀಸಿನವರು ಪಕ್ಕದ ಟೈಲರ್ ಅಕ್ಕನ ಅಂಗಡಿಯ ಫ್ಯೂಸ್ ತೆಗೆದುಕೊಂಡು ಹೋದರು. ಅಕ್ಕ ದುಡ್ಡು ಕಟ್ಟಿದ್ದರು, ರಸೀದಿಯೂ ಇತ್ತು. ಆದರೆ ಮೊದಲೇ ಬಂದಿದ್ದ ಕರೆಂಟ್ ನೋಟಿಸಿನಲ್ಲಿ ಎರಡು ಬೇರೆ ಬೇರೆ ಲೆಕ್ಕ ಇದ್ದವು. ಒಂದು ಬಿಲ್ ಬಾಕಿ, ಇನ್ನೊಂದು ಠೇವಣಿ. ಅವರು ಕಟ್ಟಿದ್ದು ಠೇವಣಿ, ಫ್ಯೂಸ್ ತೆಗೆದಿದ್ದು ಬಾಕಿಗೆ. ನಾನು ಓದಿ ಹೇಳಿದಾಗ ಎರಡನ್ನೂ ಹೇಳಿದ್ದೆ. ಅವರ ನೆನಪಿನಲ್ಲಿ ಉಳಿದಿದ್ದು ಕಾಗದದ ಕೊನೆಯಲ್ಲಿದ್ದ ಮೊತ್ತ ಮಾತ್ರ. ಮದುವೆ ಸೀಸನ್ನಿನಲ್ಲಿ ಒಂದೂವರೆ ದಿನ ಮಿಷನ್ ನಿಂತಿತು. ಬಾಯಲ್ಲಿ ಹೇಳಿದ್ದು ಸಾಲದು, ಕೈಯಲ್ಲಿ ಕನ್ನಡದ ಹಾಳೆ ಇರಬೇಕು ಅಂತ ಆಗ ತೀರ್ಮಾನ ಮಾಡಿದೆ.

ಮೇ 30ರಂದು ಹಿಟ್ಟಿನ ಗಿರಣಿ ಅಣ್ಣ ಅಂಥದ್ದೇ ಒಂದು ನೋಟಿಸ್ ತಂದರು. ನಮ್ಮ ಸಾಲಿನ ಇನ್ನೂ ಮೂರು ಅಂಗಡಿಗೂ ಅದು ಬಂದಿತ್ತು. ಈ ಹಾಳೆ ಹುಟ್ಟಿದ್ದು ಆ ಅಣ್ಣನ ನೋಟಿಸಿನಿಂದ, ಹಾಗಾಗಿ ಅದರ ಲೆಕ್ಕವನ್ನೇ ಇಲ್ಲಿ ಇಡುತ್ತೇನೆ.

ನೋಟಿಸಿನ ತಾರೀಖು 28 ಮೇ 2025. ಮಾರ್ಚ್, ಏಪ್ರಿಲ್ ಬಿಲ್ ಬಾಕಿ 4,860 ರೂಪಾಯಿ. ಅದಕ್ಕೆ ಬಡ್ಡಿ 96. ಎರಡೂ ಸೇರಿ 4,956. ಕೆಳಗಿನ ಪ್ಯಾರಾದಲ್ಲಿ ಹೆಚ್ಚುವರಿ ಭದ್ರತಾ ಠೇವಣಿ 3,200. ತೀರಾ ಕೆಳಗೆ ಒಟ್ಟು 8,156. ಬಾಕಿಗೆ ನೋಟಿಸ್ ತಾರೀಖಿನಿಂದ 15 ದಿನ, ಠೇವಣಿಗೆ 30 ದಿನ. ಒಂದೇ ಪುಟದಲ್ಲಿ ಐದು ಮೊತ್ತ, ಎರಡು ಗಡುವು, ಆದರೆ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದಾದ ಕೊನೆಯ ತಾರೀಖು ಒಂದೂ ಇಲ್ಲ.

ಅಣ್ಣ ಅದನ್ನು ನೋಡಿ ಮೊದಲು ಕೇಳಿದ್ದು, "ಎಂಟು ಸಾವಿರ ಒಟ್ಟಿಗೇ ಕಟ್ಬೇಕಾ? ಎಲ್ಲಿಂದ ತರ್ಲಿ ನಾನು?" ಬಡ್ಡಿಗೆ ಸಾಲ ತರಲು ಹೊರಟಿದ್ದರು. ಕರೆಂಟ್ ಉಳಿಸಿಕೊಳ್ಳಲು ತಕ್ಷಣಕ್ಕೆ ಬೇಕಾಗಿದ್ದು 4,956 ಮಾತ್ರ.

ಮೊದಲ ಹಾಳೆ

ಮೊದಲ ಸಲ ಮಾಡಿದ್ದು ಸರ್ಕಾರಿ ಕನ್ನಡದಲ್ಲಿ. ಮೂಲದ ಒಂದೊಂದು ಸಾಲಿಗೂ ಒಂದೊಂದು ಸಾಲು, ಏನೂ ಬಿಟ್ಟಿಲ್ಲ, ಏನೂ ಸೇರಿಸಿಲ್ಲ:

> ಸದರಿ ಬಾಕಿ ಮೊತ್ತವನ್ನು ಈ ಸೂಚನಾ ಪತ್ರದ ದಿನಾಂಕದಿಂದ 15 ದಿನಗಳೊಳಗಾಗಿ ಪಾವತಿಸತಕ್ಕದ್ದು, ತಪ್ಪಿದಲ್ಲಿ ಮುಂದಿನ ಯಾವುದೇ ಸೂಚನೆ ನೀಡದೆ ತಮ್ಮ ಸ್ಥಾವರದ ವಿದ್ಯುತ್ ಸಂಪರ್ಕವನ್ನು ಕಡಿತಗೊಳಿಸಲಾಗುವುದು.

ತಪ್ಪು ಏನೂ ಇಲ್ಲ ಅಲ್ವಾ? ಅಣ್ಣನಿಗೆ ಕೊಟ್ಟೆ. ಎರಡು ಸಲ ಓದಿ, "ಸ್ಥಾವರ ಅಂದ್ರೆ? ನಮ್ದು ಬರೀ ಗಿರಣಿ ಕಣಪ್ಪ" ಅಂದರು. ವಿದ್ಯುತ್ ಇಲಾಖೆಯ ಕನ್ನಡದಲ್ಲಿ ಸ್ಥಾವರ ಅಂದರೆ ಒಬ್ಬ ಗ್ರಾಹಕನ ಮೀಟರು, ಅದರ ಸಂಪರ್ಕ, ಅಷ್ಟೇ. ಹೊರಗಿನವರಿಗೆ ಆ ಪದ ಕೇಳಿದರೆ ಅಣು ಸ್ಥಾವರ ನೆನಪಾಗುತ್ತದೆ. ಆ ಪದ ತೆಗೆದು "ನಿಮ್ಮ ಅಂಗಡಿಯ ಕರೆಂಟ್" ಅಂತ ಹಾಕಿದೆ.

'ಬಾಕಿ' ಇನ್ನೂ ಜಾಸ್ತಿ ಕಾಟ ಕೊಟ್ಟಿತು. ನಮ್ಮ ಮಾತಿನಲ್ಲಿ ಬಾಕಿ ಎರಡೂ ಕಡೆ ಓಡುತ್ತದೆ. "ಅವ್ರಿಂದ ನಂಗೆ ಬಾಕಿ ಬರ್ಬೇಕು" ಅಂತಲೂ ಅನ್ನುತ್ತೇವೆ, "ನಂದು ಅಲ್ಲಿ ಬಾಕಿ ಇದೆ" ಅಂತಲೂ ಅನ್ನುತ್ತೇವೆ. ಎದುರಿನ ಟೀ ಅಂಗಡಿ ಚಿಕ್ಕಪ್ಪನಿಗೆ 'ಬಾಕಿ ಮೊತ್ತ ರೂ. 4,956' ಅಂತ ತೋರಿಸಿದರೆ, "ಕಟ್ಟಿದ್ಮೇಲೆ ಇನ್ನೂ ಉಳಿದಿರೋದಾ ಇದು?" ಅಂತ ಕೇಳಿದರು. ಆಮೇಲೆ ಶೀರ್ಷಿಕೆಯಲ್ಲಿ 'ಬಾಕಿ' ಬಳಸಲೇ ಇಲ್ಲ. 'ನೀವು ಈಗ ಕಟ್ಟಬೇಕಾದ ಹಣ' ಅಂತ ಹಾಕಿದೆ. ಯಾರು, ಯಾವಾಗ, ಏನು ಮಾಡಬೇಕು ಎಲ್ಲವೂ ಅದರಲ್ಲೇ ಇದೆ.

ಕಟ್ಟಿ, ಕಟ್

'ಪಾವತಿಸಿ' ತೆಗೆದು 'ಕಟ್ಟಿ' ಅಂತ ಹಾಕಿದೆ. ಬಿಲ್ಲನ್ನು ಯಾರೂ ಪಾವತಿಸುವುದಿಲ್ಲ, ಕಟ್ಟುತ್ತಾರೆ. ಅದೇ ಭರದಲ್ಲಿ 'ಸಂಪರ್ಕ ಕಡಿತ'ವನ್ನೂ 'ಕರೆಂಟ್ ಕಟ್' ಮಾಡಿದೆ. ಎರಡೂ ಎಲ್ಲರ ಬಾಯಲ್ಲಿರುವ ಮಾತೇ.

ಪ್ರಿಂಟ್ ತೆಗೆದು ನಮ್ಮಮ್ಮನಿಗೆ ಕೊಟ್ಟೆ. ಅಮ್ಮ ಕನ್ನಡಕ ಹಾಕಿಕೊಂಡು ಜೋರಾಗಿ ಓದುತ್ತಾರೆ, ಅದಕ್ಕೇ ಅವರಿಗೆ ಕೊಡೋದು. "ಜೂನ್ ಹನ್ನೆರಡಕ್ಕೆ ಕಟ್" ಅಂತ ಓದಿ ನಿಲ್ಲಿಸಿದರು. ನಾನು ಬರೆದಿದ್ದು 'ಜೂನ್ 12ರ ಒಳಗೆ ಕಟ್ಟಿ'. ಹಾಳೆ ಇಸ್ಕೊಂಡು ನೋಡಿದರೆ ಅಮ್ಮನ ತಪ್ಪಲ್ಲ. 'ಕಟ್ಟಿ'ಯ ಕೆಳಗಿನ ಒತ್ತಕ್ಷರ ಅರ್ಧ ಹಾರಿಹೋಗಿದೆ. 'ಕಟಿ' ಅಂತ ಕಾಣುತ್ತಿದೆ. ಅದರ ಕೆಳಗಿನ ಸಾಲಿನಲ್ಲೇ 'ಕರೆಂಟ್ ಕಟ್' ಇದೆ, ಕಣ್ಣು ಎರಡನ್ನೂ ಕೂಡಿಸಿ ಓದಿಬಿಟ್ಟಿದೆ.

ಇದರಲ್ಲಿ ಎರಡು ರಿಪೇರಿ ಇತ್ತು. ಒಂದು ವರ್ಡ್‌ನಲ್ಲಿ. ಇಂಗ್ಲಿಷ್ ಕಾಗದದ ಟೇಬಲ್ಲನ್ನೇ ಕಾಪಿ ಮಾಡಿ ಅದರೊಳಗೆ ಕನ್ನಡ ತುಂಬಿದ್ದೆ. ಅದರಲ್ಲಿ ಸಾಲಿನ ಅಂತರ `Exactly` ಅಂತ 14 ಪಾಯಿಂಟಿಗೆ ಬಿಗಿದಿತ್ತು. ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಜಾಗ ಸಾಕು, ಕನ್ನಡದ ಒತ್ತಿಗೆ ಸಾಲದು, ಕೆಳಗಿನ ಭಾಗ ಕತ್ತರಿಸಿಹೋಗುತ್ತದೆ. ಅದನ್ನು `Multiple` ಮಾಡಿ 1.3 ಕೊಟ್ಟೆ. ಟೇಬಲ್ಲಿನ ಸಾಲುಗಳ ಎತ್ತರವನ್ನೂ `Exactly`ಯಿಂದ `At least`ಗೆ ಬದಲಾಯಿಸಿದೆ. ಒತ್ತು ಪೂರ್ತಿ ಬಂತು. ಸ್ಕ್ರೀನಿನಲ್ಲಿ ನೋಡಿ ನಂಬಬೇಡಿ, ಪ್ರಿಂಟ್ ತೆಗೆದು, ಅದರ ಜೆರಾಕ್ಸ್ ಕೂಡ ತೆಗೆದು ನೋಡಿ. ಈ ಹಾಳೆ ಜನರ ಕೈಗೆ ಹೋಗೋದು ಜೆರಾಕ್ಸ್ ಆಗಿಯೇ.

ಇನ್ನೊಂದು ರಿಪೇರಿ ಮಾತಿನಲ್ಲಿ. 'ಕಟ್ಟಿ' ಇರುವ ಹಾಳೆಯಲ್ಲಿ 'ಕಟ್' ಇರಲೇಬಾರದು. 'ಕರೆಂಟ್ ನಿಲ್ಲಿಸುತ್ತಾರೆ' ಅಂತ ಮಾಡಿದೆ. 'ನಿಲ್ಲಿಸುತ್ತೇವೆ' ಅಂತ ಬರೆಯಲಿಲ್ಲ, ಯಾಕೆಂದರೆ ಹಾಳೆ ಮಾಡಿದ್ದು ನಾನು, ಕರೆಂಟ್ ಆಫೀಸಲ್ಲ. ಆಫೀಸಿನವರ ದನಿಯಲ್ಲಿ ಮಾತಾಡುವ ಅಧಿಕಾರ ನನಗಿಲ್ಲ.

ಹಾಗೆಯೇ ಅಂಕಿಗಳು. ಕನ್ನಡದ ಹಾಳೆ ಅಂತ ಮೊದಲು ಕನ್ನಡ ಅಂಕಿಯಲ್ಲೇ ಹಾಕಿದ್ದೆ. ನನಗೆ ಅವು ತುಂಬ ಇಷ್ಟ, ಮದುವೆ ಪತ್ರಕ್ಕೆ ಈಗಲೂ ಅವನ್ನೇ ಹಾಕುತ್ತೇನೆ. ಆದರೆ ಜೆರಾಕ್ಸಿನಲ್ಲಿ ೬ ಮತ್ತು ೯ ಒಂದೇ ಥರ ಕಂಡವು. ೪,೯೫೬ರಲ್ಲಿ ಎರಡೂ ಇವೆ. ಕೌಂಟರಿನಲ್ಲೂ ಫೋನಿನಲ್ಲೂ ಒತ್ತಬೇಕಾಗಿರುವುದು 4,956ನ್ನೇ. ಹಾಗಾಗಿ 1, 2, 3 ಅಂಕಿಗಳೇ ಉಳಿದವು. ಪಕ್ಕದಲ್ಲಿ ಅಕ್ಷರದಲ್ಲೂ ಬರೆದೆ, ನಾಲ್ಕು ಸಾವಿರದ ಒಂಬೈನೂರ ಐವತ್ತಾರು ಅಂತ. ರೂಪಾಯಿ ಚಿಹ್ನೆಯ ಬದಲು 'ರೂ.' ಹಾಕಿದೆ, ಯಾಕೆಂದರೆ ನನ್ನ ಹಳೆಯ ಫಾಂಟಿನಲ್ಲಿ ಆ ಚಿಹ್ನೆ ಬರೀ ಚೌಕವಾಗಿ ಬರುತ್ತದೆ.

ಕೊನೆಯ ದಿನ ಯಾವುದು?

ಎಲ್ಲಕ್ಕಿಂತ ಹೊತ್ತು ತಿಂದಿದ್ದು ಇದು.

'12ರ ಒಳಗೆ' ಅಂತ ಬರೆದಿದ್ದೆನಲ್ಲ, ಅದನ್ನು ಐದು ಜನಕ್ಕೆ ತೋರಿಸಿ "ಯಾವತ್ತು ಹೋಗ್ತೀರಿ, ತೀರಾ ಲೇಟಾದ್ರೆ?" ಅಂತ ಕೇಳಿದೆ. ಮೂರು ಜನ 11 ಅಂದರು, ಇಬ್ಬರು 12 ಅಂದರು. 'ಒಳಗೆ' ಅನ್ನುವ ಪದ 12ನೇ ತಾರೀಖನ್ನು ಸೇರಿಸುತ್ತದೋ ಬಿಡುತ್ತದೋ, ಅದಕ್ಕೇ ಗೊತ್ತಿಲ್ಲ. 'ವರೆಗೆ' ಹಾಕಿ ನೋಡಿದೆ, ಅದೂ ಹಾಗೇ. ಕೊನೆಗೆ ಪದದ ಮೇಲೆ ಭಾರ ಹಾಕೋದೇ ಬಿಟ್ಟು ಎರಡು ಪುಟ್ಟ ವಾಕ್ಯ ಬರೆದೆ: 'ಕೊನೆಯ ದಿನ 12 ಜೂನ್ 2025, ಗುರುವಾರ. ಗುರುವಾರವೂ ಕಟ್ಟಬಹುದು.' ವಾರ ಬರೆದಿದ್ದು ಬಹಳ ಉಪಯೋಗಕ್ಕೆ ಬಂತು, ಅಂಗಡಿಯವರು ತಾರೀಖಿಗಿಂತ ವಾರದಲ್ಲೇ ಲೆಕ್ಕ ಇಡುತ್ತಾರೆ. ತಿಂಗಳನ್ನೂ ಹೆಸರಿನಲ್ಲೇ ಬರೆಯಬೇಕು. 12/06 ಅಂತ ಬರೆದರೆ ಫೋನಿನಲ್ಲಿ ತಿಂಗಳು ಮೊದಲು ನೋಡಿ ಅಭ್ಯಾಸ ಆದವರಿಗೆ ಡಿಸೆಂಬರ್ ಕಾಣುತ್ತದೆ. '12' ಒಂದು ಸಾಲಿನ ಕೊನೆಗೆ, 'ಜೂನ್' ಮುಂದಿನ ಸಾಲಿಗೆ ಹೋಗದ ಹಾಗೆ ನಡುವೆ `Ctrl+Shift+Space` ಒತ್ತಿ.

ಆದರೆ 12 ಎಲ್ಲಿಂದ ಬಂತು? ಮೂಲದಲ್ಲಿ ತಾರೀಖೇ ಇಲ್ಲ, '15 ದಿನ' ಅಂತ ಮಾತ್ರ ಇದೆ. ಅನುವಾದ ಮಾಡುವವನು ತಾನೇ ಲೆಕ್ಕ ಹಾಕಿ ತಾರೀಖು ಬರೆದರೆ, ತಪ್ಪಾದಾಗ ಕತ್ತಲಲ್ಲಿ ಕೂರುವವನು ಓದಿದವನು. ನನಗೆ ಅದು ಸರಿ ಅನ್ನಿಸಲಿಲ್ಲ. ಎರಡು ಲೆಕ್ಕ ಬರುತ್ತಿತ್ತು. ನೋಟಿಸ್ ತಾರೀಖು ಮೇ 28ರಿಂದ 15 ದಿನ ಅಂದರೆ ಜೂನ್ 12. ಆದರೆ 2003ರ ವಿದ್ಯುತ್ ಕಾಯ್ದೆಯ 56ನೇ ಕಲಂ ಪ್ರಕಾರ ಕರೆಂಟ್ ನಿಲ್ಲಿಸುವ ಮೊದಲು ಪೂರ್ತಿ 15 ದಿನದ ಲಿಖಿತ ನೋಟಿಸ್ ಕೊಡಬೇಕು. ಪೂರ್ತಿ ಅಂದರೆ ಕಾಗದ ಕೈಗೆ ಬಂದ ದಿನವೂ ಲೆಕ್ಕಕ್ಕಿಲ್ಲ, ಫ್ಯೂಸ್ ತೆಗೆಯುವ ದಿನವೂ ಲೆಕ್ಕಕ್ಕಿಲ್ಲ. ಅಣ್ಣನಿಗೆ ಕಾಗದ ಬಂದಿದ್ದು ಮೇ 30, ಶುಕ್ರವಾರ. 31ರಿಂದ ಎಣಿಸಿದರೆ ಜೂನ್ 14ಕ್ಕೆ 15 ದಿನ ಮುಗಿಯುತ್ತದೆ.

ಹಾಗಾದರೆ 14 ಹಾಕಬಹುದಲ್ವಾ? ಬೇಡ. ಕ್ಯಾಲೆಂಡರ್ ನೋಡಿದರೆ ಜೂನ್ 14 ಎರಡನೇ ಶನಿವಾರ, ಸರ್ಕಾರಿ ಕಚೇರಿಗಳಿಗೆ ರಜೆ. ಕೌಂಟರಿಗೆ ಹೋದವನು ಬಾಗಿಲು ನೋಡಿಕೊಂಡು ವಾಪಸ್ ಬರುತ್ತಾನೆ. ನೋಟಿಸ್ ಹಿಡಿದು ಉಪವಿಭಾಗ ಕಚೇರಿಗೆ ನಾನೇ ಹೋದೆ. ಅಲ್ಲಿದ್ದ ಮೇಡಂ ರಿಜಿಸ್ಟರ್ ತೆಗೆದು, "ನಮ್ ಲೆಕ್ಕ ನೋಟಿಸ್ ಡೇಟಿಂದಾನೇ, ಹನ್ನೆರಡು" ಅಂದರು. ಎರಡು ತಾರೀಖಿನಲ್ಲಿ ಮೊದಲು ಬರುವುದನ್ನೇ ಹಾಳೆಗೆ ಹಾಕಿದೆ. ಕಾನೂನಿನ 14 ಜಗಳಕ್ಕೆ ಬೇಕಾದಾಗ ಇಟ್ಟುಕೊಳ್ಳುವ ತಾರೀಖು, ದುಡ್ಡು ಕಟ್ಟುವ ತಾರೀಖಲ್ಲ.

ಇದೇ ಕಲಮಿನಲ್ಲಿ ಇನ್ನೊಂದು ಮಾತಿದೆ. ಬಿಲ್ಲೇ ತಪ್ಪು ಅಂತ ತಕರಾರು ಇರುವವರು, ಕೇಳಿದ ಪೂರ್ತಿ ಮೊತ್ತವನ್ನೋ ಹಿಂದಿನ ಆರು ತಿಂಗಳ ಸರಾಸರಿಯ ಮೇಲೆ ಲೆಕ್ಕ ಹಾಕಿದ ಮೊತ್ತವನ್ನೋ, ಯಾವುದು ಕಡಿಮೆಯೋ ಅದನ್ನು ಆಕ್ಷೇಪಣೆ ಬರೆದುಕೊಟ್ಟು ಕಟ್ಟಿದರೆ, ತಕರಾರು ತೀರುವವರೆಗೆ ಕರೆಂಟ್ ನಿಲ್ಲಿಸುವಂತಿಲ್ಲ. ಒಳ್ಳೆಯ ವಿಷಯ. ಆದರೆ ಅಣ್ಣನ ನೋಟಿಸಿನಲ್ಲಿ ಅದು ಇರಲಿಲ್ಲ, ಅದಕ್ಕೆ ಅನುವಾದದ ಹಾಳೆಗೂ ಸೇರಿಸಲಿಲ್ಲ. ತಕರಾರು ಇದೆ ಅಂದವರಿಗೆ ಬೇರೆ ಚೀಟಿಯಲ್ಲಿ ಬರೆದುಕೊಡುತ್ತೇನೆ.

ಎಲ್ಲಿ ಕಟ್ಟೋದು, ಯಾವ ನಂಬರಿಗೆ

ಕೌಂಟರ್, ಬೆಂಗಳೂರು ಒನ್, ಆನ್‌ಲೈನ್, ಮೂರೂ ಮೂಲದಲ್ಲೇ ಇದ್ದವು. ತೊಡಕು ಇದ್ದಿದ್ದು ನಂಬರಿನಲ್ಲಿ. ಬಿಲ್ಲಿನಲ್ಲಿ ಎರಡು ಇರುತ್ತವೆ. ಆರ್‌ಆರ್ ನಂಬರ್ ಒಂದು, ಹತ್ತು ಅಂಕಿಯ `Account ID` ಇನ್ನೊಂದು. ಅಂಗಡಿಯವರಿಗೆ ಬಾಯಿಪಾಠ ಇರುವುದು ಆರ್‌ಆರ್ ನಂಬರ್. ಫೋನಿನಲ್ಲಿ ಕೇಳುವುದು ಸಾಮಾನ್ಯವಾಗಿ `Account ID`. ಹಾಳೆಯಲ್ಲಿ ಎರಡನ್ನೂ ಹಾಕಿದಾಗ ಟೀ ಅಂಗಡಿ ಚಿಕ್ಕಪ್ಪನ ಮಗ ಮೊದಲನೆಯದನ್ನೇ ಒತ್ತಲು ಹೋದ. ಆರ್‌ಆರ್ ನಂಬರ್ ತೆಗೆದುಹಾಕಿದೆ, ಅದು ಹಾಳೆಯ ಹಿಂದೆ ಪಿನ್ ಮಾಡಿದ ಮೂಲ ನೋಟಿಸಿನಲ್ಲಿ ಹೇಗೂ ಇದೆ.

ನಂಬರ್ ಒತ್ತಿದ ಮೇಲೆ ಹೆಸರು ಬರುತ್ತದಲ್ಲ, ಅಲ್ಲಿಯೂ ಒಂದು ಎಡವು. ಅಣ್ಣನದು ಬಾಡಿಗೆ ಅಂಗಡಿ, ಮೀಟರ್ ಓನರ್ ಹೆಸರಿನಲ್ಲಿದೆ. ಬೇರೆಯವರ ಹೆಸರು ಕಂಡು ಅಣ್ಣ ಫೋನ್ ಕೆಳಗಿಟ್ಟುಬಿಟ್ಟರು. 'ಬಿಲ್ಲಿನಲ್ಲಿರುವ ಹೆಸರೇ ಕಾಣಬೇಕು' ಅಂತ ಒಂದು ಸಾಲು ಸೇರಿಸಿದೆ. ಒಂದು ಅಂಕಿ ತಪ್ಪಿ ಬೇರೆಯವರ ಖಾತೆಗೆ ಕಟ್ಟುವುದನ್ನೂ ಅದೇ ಸಾಲು ತಡೆಯುತ್ತದೆ.

ಕ್ಯೂಆರ್ ಕೋಡ್ ಅಂಟಿಸು ಅಂತ ಇಬ್ಬರು ಹೇಳಿದರು. ಅಂಟಿಸಲಿಲ್ಲ. ಯಾರದ್ದೋ ಮೊಬೈಲ್ ನಂಬರನ್ನೂ ಹಾಕಲಿಲ್ಲ. "ಇವತ್ತು ರಾತ್ರಿ ನಿಮ್ಮ ಕರೆಂಟ್ ಹೋಗುತ್ತೆ, ಈ ಆಫೀಸರಿಗೆ ಫೋನ್ ಮಾಡಿ" ಅಂತ ಮೆಸೇಜ್ ಕಳಿಸಿ ಬ್ಯಾಂಕ್ ಖಾತೆ ಖಾಲಿ ಮಾಡುವವರ ಹಾವಳಿ ಎಲ್ಲರಿಗೂ ಗೊತ್ತು. ನನ್ನಂಥ ಅಂಗಡಿಯವನು ಕ್ಯೂಆರ್ ಹಾಕಿದ ಹಾಳೆ ಹಂಚಿದರೆ, ನಾಳೆ ಇನ್ಯಾರೋ ಹಂಚಿದ್ದನ್ನೂ ಜನ ಹಾಗೇ ನಂಬುತ್ತಾರೆ. ಸಹಾಯಕ್ಕೆ 1912 ಒಂದೇ ನಂಬರ್ ಸಾಕು.

ಠೇವಣಿಗೆ ಬೇರೆ ಹಾಳೆ

3,200ರ ವಿಷಯ ಅದೇ ಹಾಳೆಯ ಕೆಳಗೆ ಚಿಕ್ಕ ಅಕ್ಷರದಲ್ಲಿ ಇಟ್ಟು ನೋಡಿದೆ. ಆಗಲೂ ಐದರಲ್ಲಿ ಇಬ್ಬರು 8,156 ತಗೊಂಡು ಹೋಗುತ್ತೇವೆ ಅಂದರು. ಎರಡು ಮೊತ್ತ ಒಂದೇ ಹಾಳೆಯಲ್ಲಿದ್ದರೆ ಜನ ಕೂಡಿಸುತ್ತಾರೆ. ಅದಕ್ಕೆ ಠೇವಣಿಯನ್ನು ಹಳದಿ ಹಾಳೆಗೆ ಹಾಕಿದೆ, ಕೊನೆಯ ದಿನ 27 ಜೂನ್, ಶುಕ್ರವಾರ. ಈ ತಾರೀಖನ್ನೂ ಮೇಡಂ ಹತ್ತಿರ ಕೇಳಿಯೇ ಹಾಕಿದ್ದು. 'ಭದ್ರತಾ ಠೇವಣಿ' ಅಂದರೆ ಅಣ್ಣ ದಂಡ ಅಂದುಕೊಂಡಿದ್ದರು. 'ಕರೆಂಟಿಗೆ ಕೊಡುವ ಅಡ್ವಾನ್ಸ್' ಅಂತ ಬರೆದ ಮೇಲೆ ಒಂದೇ ಏಟಿಗೆ ಗೊತ್ತಾಯಿತು. ಬೆಂಗಳೂರಿನಲ್ಲಿ ಬಾಡಿಗೆಗೆ ಇರುವವರಿಗೆ ಅಡ್ವಾನ್ಸ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾ!

ಎರಡು ಹಾಳೆ ಮಾಡುವಾಗ ಒಂದು ಹೆದರಿಕೆ ಇತ್ತು, ಹಳದಿ ಹಾಳೆಯನ್ನು ಮರೆತುಬಿಟ್ಟರೆ? ಠೇವಣಿ ಕಟ್ಟದಿದ್ದರೂ ಕರೆಂಟಿಗೆ ತೊಂದರೆಯೇ. ಅದಕ್ಕೆ ಬಿಳಿ ಹಾಳೆಯ ಕೊನೆಯಲ್ಲಿ ಮೊತ್ತ ಹೇಳದೆ 'ಅಡ್ವಾನ್ಸ್ ಬಗ್ಗೆ ಹಳದಿ ಹಾಳೆ ನೋಡಿ' ಅಂತ ಮಾತ್ರ ಹಾಕಿದೆ.

ನಾಲ್ಕನೇ ಸಲ ಮಾಡಿದ ಬಿಳಿ ಹಾಳೆ ಹೀಗಿದೆ, ಅಣ್ಣನ ಹತ್ತು ಅಂಕಿಯ ನಂಬರನ್ನು ಮಾತ್ರ ಇಲ್ಲಿ ಬಿಟ್ಟಿದ್ದೇನೆ:

> ಕರೆಂಟ್ ನಿಲ್ಲಿಸುವ ನೋಟಿಸ್: ಕನ್ನಡ ಅನುವಾದ
> ಮೂಲ ನೋಟಿಸ್ ಹಿಂದೆ ಪಿನ್ ಮಾಡಿದೆ.
>
> ನೀವು ಈಗ ಕಟ್ಟಬೇಕಾದ ಹಣ: ರೂ. 4,956
> ನಾಲ್ಕು ಸಾವಿರದ ಒಂಬೈನೂರ ಐವತ್ತಾರು ರೂಪಾಯಿ. ಮಾರ್ಚ್, ಏಪ್ರಿಲ್ ಬಿಲ್ ಮತ್ತು ಬಡ್ಡಿ ಎಲ್ಲ ಇದರಲ್ಲೇ ಸೇರಿದೆ.
>
> ಕೊನೆಯ ದಿನ: 12 ಜೂನ್ 2025, ಗುರುವಾರ
> ಗುರುವಾರವೂ ಕಟ್ಟಬಹುದು. ಆ ದಿನ ದಾಟಿದರೆ ಕರೆಂಟ್ ನಿಲ್ಲಿಸುತ್ತಾರೆ. ಮತ್ತೆ ತಿಳಿಸುವುದಿಲ್ಲ.
>
> ಎಲ್ಲಿ ಕಟ್ಟಬೇಕು: ಕರೆಂಟ್ ಆಫೀಸಿನ ಕೌಂಟರ್, ಬೆಂಗಳೂರು ಒನ್, ಅಥವಾ ಆನ್‌ಲೈನ್. ಕೆಳಗೆ ಬರೆದಿರುವ ಹತ್ತು ಅಂಕಿಯ ನಂಬರ್ ಕೊಡಿ. ಬಿಲ್ಲಿನಲ್ಲಿರುವ ಹೆಸರೇ ಕಾಣಬೇಕು. ರಸೀದಿ ಇಟ್ಟುಕೊಳ್ಳಿ.
>
> ಅಡ್ವಾನ್ಸ್ ಬಗ್ಗೆ ಹಳದಿ ಹಾಳೆ ನೋಡಿ. ಸಹಾಯಕ್ಕೆ: 1912

ಇದನ್ನು ಪರೀಕ್ಷೆ ಮಾಡುವಾಗ "ಅರ್ಥ ಆಯ್ತಾ?" ಅಂತ ಮಾತ್ರ ಕೇಳಬೇಡಿ. ಎಲ್ಲರೂ ಹೂಂ ಅನ್ನುತ್ತಾರೆ, ಫೆಬ್ರವರಿಯಲ್ಲಿ ಟೈಲರ್ ಅಕ್ಕನೂ ಹೂಂ ಅಂದಿದ್ದರು. ಹಾಳೆ ಕೈಗೆ ಕೊಟ್ಟು, "ಎಷ್ಟು ದುಡ್ಡು ಜೇಬಲ್ಲಿ ಇಟ್ಕೊಂಡು ಹೋಗ್ತೀರಿ, ಯಾವತ್ತು, ಎಲ್ಲಿಗೆ?" ಅಂತ ಕೇಳಿ, ಅವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ. ಹೊಸಬರನ್ನೇ ಕೇಳಬೇಕು. ಹಿಂದಿನ ಹಾಳೆ ನೋಡಿದವರು ನೆನಪಿನಿಂದ ಉತ್ತರ ಕೊಡುತ್ತಾರೆ. ಈ ಹಾಳೆಗೆ ಬೀದಿಯಲ್ಲಿ ಹೊಸದಾಗಿ ಆರು ಜನರನ್ನು ಹಿಡಿದೆ, ಆರೂ ಜನ 4,956 ಮತ್ತು ಗುರುವಾರ ಅಂದರು. ಒಬ್ಬರು ಮಾತ್ರ ಎಲ್ಲಿಗೆ ಅಂದರೆ "ನಿಮ್ ಅಂಗಡಿಗೇ ತಂದ್ಕೊಡ್ತೀನಿ" ಅಂದರು. ಹಾಳೆ ಕೊಟ್ಟವನ ಹತ್ತಿರವೇ ದುಡ್ಡು ಕಟ್ಟುವುದು ಅಂತ ಅವರ ಲೆಕ್ಕ. 'ಎಲ್ಲಿ ಕಟ್ಟಬೇಕು' ಸಾಲಿನ ಕೆಳಗೆ 'ಬೇರೆ ಯಾರ ಕೈಗೂ ದುಡ್ಡು ಕೊಡಬೇಡಿ' ಅಂತ ಪೆನ್ನಿನಲ್ಲಿ ಬರೆದು ಜೆರಾಕ್ಸ್ ಹಾಕಿದೆ, ಮುಂದಿನ ಪ್ರಿಂಟಿನಲ್ಲಿ ಸೇರಿಸುತ್ತೇನೆ.

ಗಿರಣಿ ಅಣ್ಣ ಜೂನ್ 11, ಬುಧವಾರ ಸಾಯಂಕಾಲ ಬಂದರು. ಕೌಂಟರಿನಲ್ಲಿ ಬಿಳಿ ಹಾಳೆ ತೋರಿಸಿ "ಇದಕ್ಕೆ" ಅಂದರಂತೆ. ರಸೀದಿ ನನ್ನ ಟೇಬಲ್ ಮೇಲೆ ಇಟ್ಟು, "ಓದಪ್ಪ, ಬಾಕಿಗೇ ಹಾಕಿದಾರಾ, ಅಡ್ವಾನ್ಸಿಗಾ ನೋಡು" ಅಂದರು. ಬಾಕಿಗೇ ಹಾಕಿದ್ದರು, 4,956. ಹಳದಿ ಹಾಳೆಯನ್ನು ಗಿರಣಿಯ ಮೇನ್ ಸ್ವಿಚ್ ಪಕ್ಕ ಮೊಳೆ ಹೊಡೆದು ನೇತುಹಾಕಿದ್ದಾರೆ.